ವಾಪಸ್ ಕಳಿಸಿದ ಮಾಲಿಗೆ ಕ್ರೆಡಿಟ್ ನೋಟ್ ಕೇಳಿ, ಬಾಕಿ ಬಿಲ್ಲಿಗೆ ಹೊಂದಿಸಿಕೊಳ್ಳುವುದು ಹೇಗೆ?

ಮಾಲು ಕೆಟ್ಟಿದೆ, ವಾಪಸ್ ಕಳಿಸಿದ್ದೇವೆ. ಸಪ್ಲೈಯರ್ ಕೂಡ ಫೋನಿನಲ್ಲಿ "ಆಯ್ತು, ಮುಂದಿನ ಬಿಲ್ಲಲ್ಲಿ ನೋಡ್ಕೊಳ್ಳೋಣ" ಅಂದಿದ್ದಾರೆ. ಸಣ್ಣ ಅಂಗಡಿಗಳಲ್ಲಿ ಬಹಳಷ್ಟು ಸಲ ವಿಷಯ ಇಲ್ಲಿಗೇ ನಿಂತುಬಿಡುತ್ತದೆ. ಮುಂದಿನ ಬಿಲ್ಲಿನ ದುಡ್ಡು ಕೊಡುವಾಗ ನಾವು ಅಂದಾಜಿನ ಮೇಲೆ ಒಂದಿಷ್ಟು ಕಡಿತ ಮಾಡುತ್ತೇವೆ. ಅವರ ಲೆಕ್ಕದಲ್ಲಿ ಅದು ಬಾಕಿಯಾಗಿಯೇ ಉಳಿಯುತ್ತದೆ. ಆರು ತಿಂಗಳು ಬಿಟ್ಟು ಲೆಡ್ಜರ್ ತಾಳೆ ನೋಡುವಾಗ ಆ ಮೊತ್ತ ಯಾವುದಕ್ಕೆ ಅನ್ನುವುದು ಇಬ್ಬರಿಗೂ ನೆನಪಿರುವುದಿಲ್ಲ.

ಇದನ್ನು ಸರಿಯಾಗಿ ಮುಗಿಸಲು ಒಂದು ವಿಷಯ ಮೊದಲು ಗೊತ್ತಿರಬೇಕು. ಕ್ರೆಡಿಟ್ ನೋಟ್ ಅಂದರೆ ಇಷ್ಟು ಮೊತ್ತ ನಿಮ್ಮ ಲೆಕ್ಕದಲ್ಲಿ ಕಡಿಮೆ ಮಾಡಿದ್ದೇವೆ ಅಂತ ಸಪ್ಲೈಯರ್ ಕೊಡುವ ಕಾಗದ. ಅದಕ್ಕೆ ಎರಡು ಬಿಲ್‌ಗಳ ಸಂಬಂಧ ಇರುತ್ತದೆ. ತೆರಿಗೆಯ ಲೆಕ್ಕಕ್ಕೆ ಅದು ಮಾಲು ಬಂದ ಹಳೆಯ ಬಿಲ್ಲಿಗೆ ಸೇರಿದ್ದು. ದುಡ್ಡಿನ ಲೆಕ್ಕಕ್ಕೆ ಅದು ಈಗ ಬಾಕಿ ಇರುವ ಬಿಲ್ಲಿಗೆ ಸಲ್ಲಬೇಕಾದದ್ದು. ಗೊಂದಲ ಹುಟ್ಟುವುದು ಇವೆರಡನ್ನೂ ಒಂದೇ ಅಂದುಕೊಂಡಾಗ.

ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಹೋಗೋಣ. ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಅಂದುಕೊಳ್ಳಿ. ಮಾಲು ಬರುವುದು ಬೆಂಗಳೂರಿನ ಡಿಸ್ಟ್ರಿಬ್ಯೂಟರ್‌ನಿಂದ. ಇಬ್ಬರಿಗೂ ಜಿಎಸ್‌ಟಿ ನೋಂದಣಿ ಇದೆ. 6-1-2026ರ ಬಿಲ್ ನಂ. 1187ರಲ್ಲಿ ₹450ರಂತೆ 40 ನಲ್ಲಿ, ₹320ರಂತೆ 100 ಪೈಪು ಬಂದಿವೆ. ಎರಡೂ ಸೇರಿ ₹50,000. ಅದರ ಮೇಲೆ ಶೇ. 5 ರಿಯಾಯಿತಿ ಕಳೆದು ₹47,500. ಶೇ. 18 ಜಿಎಸ್‌ಟಿ ₹8,550 ಸೇರಿ ಒಟ್ಟು ₹56,050. ಈ ಬಿಲ್ಲಿನ ದುಡ್ಡು ಪೂರ್ತಿ ಸಂದಾಯ ಆಗಿದೆ. ಆಮೇಲೆ ನೋಡಿದರೆ 12 ನಲ್ಲಿಗಳು ಸ್ಪಿಂಡಲ್ ಹತ್ತಿರ ಸೋರುತ್ತಿವೆ. ಈ ನಡುವೆ 2-2-2026ಕ್ಕೆ ₹38,940ರ ಇನ್ನೊಂದು ಬಿಲ್, ನಂ. 1342, ಬಂದಿದೆ. ಅದಿನ್ನೂ ಬಾಕಿ.

ನೋಟ್ ಯಾರು ಕೊಡಬೇಕು?

ಸಿಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಮಾಲು ವಾಪಸ್ ಬಂದರೆ ಕ್ರೆಡಿಟ್ ನೋಟ್ ಕೊಡಬೇಕಾದವರು ಮಾಲು ಮಾರಿದವರು. ನಾವು ಟ್ಯಾಲಿಯಲ್ಲಿ ಹಾಕುವ ಡೆಬಿಟ್ ನೋಟ್ ನಮ್ಮ ಪುಸ್ತಕಕ್ಕೆ ಮಾತ್ರ. ಅದರ ಪ್ರಿಂಟ್ ತೆಗೆದು ಸೀಲ್ ಹಾಕಿ ಕಳಿಸಿದರೆ ಅದೊಂದು ಬೇಡಿಕೆ ಪತ್ರ ಆಗುತ್ತದೆ, ಅಷ್ಟೇ. ಸಪ್ಲೈಯರ್ ತೆರಿಗೆ ಅದರಿಂದ ಕಡಿಮೆ ಆಗುವುದಿಲ್ಲ. ಜಿಎಸ್‌ಟಿ ಪೋರ್ಟಲ್ಲಿನಲ್ಲೂ ಅದು ಎಲ್ಲೂ ಕಾಣಿಸುವುದಿಲ್ಲ. "ನಾವು ಡೆಬಿಟ್ ನೋಟ್ ಕಳ್ಸಿದೀವಿ, ಅವರು ಹಾಕ್ಕೊಂಡಿರ್ತಾರೆ" ಅಂತ ಸುಮ್ಮನಿದ್ದರೆ ಕೆಲಸ ಅರ್ಧಕ್ಕೇ ನಿಂತ ಹಾಗೆ.

ಮೊದಲು ಬರವಣಿಗೆಯಲ್ಲಿ ದೂರು

ಮಾಲು ಬಿಚ್ಚಿ ನೋಡಿದ ಕೂಡಲೇ ಫೋಟೋ ತೆಗೆಯಿರಿ. ಸೋರುವ ನಲ್ಲಿಯ ಚಿಕ್ಕ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರ್ ಕಾಣುವಂತಿರಲಿ. ಬಿಲ್ ನಂಬರ್ ಬರೆದು ವಾಟ್ಸಾಪ್ ಅಥವಾ ಮೇಲ್‌ನಲ್ಲಿ ಕಳಿಸಿ. ಫೋನಿನಲ್ಲಿ ಮಾತಾಡಿದ್ದರೂ "ಈಗ ಮಾತಾಡಿದ ಹಾಗೆ" ಅಂತ ಶುರುಮಾಡಿ ನಾಲ್ಕು ಸಾಲು ಬರೆದು ಹಾಕಿ.

ಇದನ್ನು ಮಾಲು ಕೈಗೆ ಬಂದ 15 ದಿನದೊಳಗೆ ಮಾಡುವುದಕ್ಕೆ ಒಂದು ಕಾರಣ ಇದೆ. ಸಪ್ಲೈಯರ್ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ತಯಾರಕರಾಗಿದ್ದರೆ ಅವರಿಗೆ ದುಡ್ಡು ಕೊಡಲು ಕಾನೂನಿನ ಗಡುವು ಇರುತ್ತದೆ. ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಆದರೆ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಎತ್ತಿದ್ದರೆ, ಆ ಆಕ್ಷೇಪ ಬಗೆಹರಿದ ದಿನವನ್ನೇ ಮಾಲು ಒಪ್ಪಿಕೊಂಡ ದಿನ ಅಂತ ಕಾನೂನು ಹಿಡಿಯುತ್ತದೆ. ಬಾಯಿಮಾತಿನ ದೂರಿಗೆ ಈ ರಕ್ಷಣೆ ಇಲ್ಲ. ನಮ್ಮ ಉದಾಹರಣೆಯ ಅಂಗಡಿಯವರು ಜನವರಿ 8ಕ್ಕೆ ಬಂದ ಮಾಲಿಗೆ 14ನೇ ತಾರೀಖೇ ಬರೆದು ಹಾಕಿದ್ದಾರೆ.

ಇದೇ ಹಂತದಲ್ಲಿ ಇನ್ನೊಂದು ವಿಷಯ ತೀರ್ಮಾನ ಆಗಿಬಿಡಲಿ. ಬದಲಿ ಮಾಲು ಬೇಕೋ, ಕ್ರೆಡಿಟ್ ನೋಟ್ ಬೇಕೋ? ಇದನ್ನು ಸ್ಪಷ್ಟ ಮಾಡದಿದ್ದರೆ ಗೋಡೌನಿನವರು 12 ಹೊಸ ನಲ್ಲಿ ಲಾರಿಗೆ ಹಾಕಿರುತ್ತಾರೆ, ಅಕೌಂಟ್ಸ್‌ನವರು ನೋಟ್ ತಯಾರು ಮಾಡುತ್ತಿರುತ್ತಾರೆ.

ಮಾಲು ಹೊರಡುವಾಗ ಕಾಗದ ಜೊತೆಗಿರಲಿ

ವಾಪಸ್ ಹೋಗುವ ಮಾಲಿನ ಜೊತೆ ಡೆಲಿವರಿ ಚಲನ್ ಕಳಿಸಿ. ಅದರ ಮೇಲೆ "ಬಿಲ್ ನಂ. 1187ರ ಮಾಲು, ದೋಷದ ಕಾರಣ ವಾಪಸ್" ಅಂತ ಬರೆದಿರಲಿ. ಎಷ್ಟು ನಲ್ಲಿ, ಬೆಲೆ ಎಷ್ಟು ಅನ್ನುವುದೂ ಇರಲಿ. ಮಾಲಿನ ಬೆಲೆ ₹50,000 ದಾಟಿದರೆ ಇ-ವೇ ಬಿಲ್ ಕೂಡ ಬೇಕು. ನಮ್ಮದು ಅಷ್ಟಿಲ್ಲ.

ಇಲ್ಲಿ ನಿಜವಾಗಿ ಬೆಲೆ ಬಾಳುವ ಕಾಗದ ಅಂದರೆ ಅವರ ಗೋಡೌನಿನಲ್ಲಿ ಮಾಲು ಇಳಿಸಿಕೊಂಡವರ ಸಹಿ. ಲಾರಿ ರಸೀದಿ ಮಾಲು ಹೊರಟಿದ್ದಕ್ಕೆ ಸಾಕ್ಷಿ. ತಲುಪಿದ್ದಕ್ಕೆ ಸಾಕ್ಷಿ ಆ ಸಹಿ. "ಹನ್ನೆರಡಲ್ಲ, ಹತ್ತೇ ಬಂದಿದ್ದು" ಅನ್ನುವ ಜಗಳ ಹುಟ್ಟುವುದು ಇದು ಇಲ್ಲದಾಗಲೇ. ಸಪ್ಲೈಯರ್ ಗಾಡಿಯೇ ಬಂದು ಮಾಲು ತೆಗೆದುಕೊಂಡು ಹೋದರೆ ಡ್ರೈವರ್ ಕೈಯಲ್ಲಿ ಚಲನ್ ಪ್ರತಿಗೆ ಸಹಿ ಹಾಕಿಸಿ, ತಾರೀಖು ಬರೆಸಿ. ಪಾರ್ಸೆಲ್ ಆಫೀಸಿಗೆ ಹಾಕಿದರೆ ಎರಡು ದಿನ ಬಿಟ್ಟು ಗೋಡೌನಿಗೆ ಮೆಸೇಜ್ ಹಾಕಿ, "ಮಾಲು ಬಂತು, 12 ಇದೆ" ಅಂತ ಉತ್ತರ ತರಿಸಿಕೊಳ್ಳಿ.

ಎಷ್ಟು ಕೇಳಬೇಕು?

ಜಾಸ್ತಿ ನೋಟುಗಳು ಅಡ್ಡ ಬೀಳುವುದು ಇಲ್ಲಿ. ಬಿಲ್ಲಿನಲ್ಲಿ ನಲ್ಲಿಗೆ ₹450 ಅಂತ ಇದೆ. 12 ನಲ್ಲಿಗೆ ₹5,400, ಶೇ. 18 ಸೇರಿಸಿ ₹6,372 ಅಂತ ಕೇಳಿಬಿಡುತ್ತಾರೆ. ಅವರು ₹6,053.40ಕ್ಕೆ ನೋಟ್ ಕಳಿಸುತ್ತಾರೆ. ಅಲ್ಲಿಂದ ಶುರುವಾಗುತ್ತದೆ ಫೋನಿನ ಓಡಾಟ.

ಇಲ್ಲಿ ಸರಿ ಇರುವುದು ಅವರ ಲೆಕ್ಕ. ಬಿಲ್ಲಿನ ಕೆಳಗೆ ಒಟ್ಟು ಮೊತ್ತದ ಮೇಲೆ ಶೇ. 5 ರಿಯಾಯಿತಿ ಕೊಟ್ಟಿದ್ದರಲ್ವಾ? ಆ ರಿಯಾಯಿತಿ ಈ 12 ನಲ್ಲಿಗಳಿಗೂ ಸೇರಿತ್ತು. ಹಾಗಾಗಿ ₹5,400ರಲ್ಲಿ ₹270 ಕಳೆಯಬೇಕು. ಉಳಿಯುವುದು ₹5,130. ಅದರ ಮೇಲೆ ಸಿಜಿಎಸ್‌ಟಿ ₹461.70, ಎಸ್‌ಜಿಎಸ್‌ಟಿ ₹461.70. ಒಟ್ಟು ₹6,053.40. ನಾವು ಕೊಟ್ಟ ಬೆಲೆ ಏನೋ ಅದನ್ನೇ ವಾಪಸ್ ಕೇಳಬಹುದು, ಪಟ್ಟಿಯಲ್ಲಿರುವ ಬೆಲೆಯನ್ನಲ್ಲ.

ತೆರಿಗೆಯ ದರ ಕೂಡ ಹಳೆಯ ಬಿಲ್ಲಿನದೇ ಆಗಿರಬೇಕು. 22-9-2025ರಿಂದ ಬಹಳಷ್ಟು ಮಾಲಿನ ಜಿಎಸ್‌ಟಿ ದರ ಬದಲಾಯಿತು. ಸಿಮೆಂಟ್ ಶೇ. 28ರಿಂದ 18ಕ್ಕೆ ಇಳಿಯಿತು. ಆ ತಾರೀಖಿಗಿಂತ ಮುಂಚೆ ಶೇ. 28 ಹಾಕಿ ಬಿಲ್ ಆದ ಸಿಮೆಂಟ್ ಆಮೇಲೆ ವಾಪಸ್ ಹೋದರೂ ಕ್ರೆಡಿಟ್ ನೋಟ್ ಶೇ. 28ರಲ್ಲೇ ಬರಬೇಕು. ಈಗಿನ ದರ ಹಾಕಿದ್ದರೆ ನಮಗೆ ಶೇ. 10ರಷ್ಟು ತೆರಿಗೆಯ ದುಡ್ಡು ಕಡಿಮೆ ಬಂದಂತೆ.

ವಾಪಸ್ ಕಳಿಸಿದ ಲಾರಿ ಬಾಡಿಗೆಯನ್ನು ಇದರೊಳಗೆ ತುರುಕಬೇಡಿ. ಅವರು ಕೊಡಲು ಒಪ್ಪಿದ್ದರೆ ಅದಕ್ಕೆ ಬೇರೆ ಲೆಕ್ಕ ಇರಲಿ. ಮಾಲಿನ ಕ್ರೆಡಿಟ್ ನೋಟ್ ಮಾಲಿಗೆ ಮಾತ್ರ ಇದ್ದರೆ ತಾಳೆ ಸುಲಭ.

ಕೇಳುವ ಪತ್ರ

ಪತ್ರ ಯಾರಿಗೆ ಹೋಗಬೇಕು ಅನ್ನುವುದನ್ನು ಯೋಚಿಸಿ. ಆರ್ಡರ್ ತೆಗೆದುಕೊಂಡು ಹೋಗುವ ಸೇಲ್ಸ್‌ನವರಿಗೆ ಹೇಳಿದರೆ ಅವರು ಹೂಂ ಅನ್ನುತ್ತಾರೆ. ಆದರೆ ನೋಟ್ ಹಾಕುವವರು ಅಕೌಂಟ್ಸ್‌ನವರು. ಆದ್ದರಿಂದ ಪತ್ರ ನೇರ ಅವರಿಗೆ ಹೋಗಲಿ, ಸೇಲ್ಸ್‌ನವರಿಗೆ ಪ್ರತಿ ಇರಲಿ. ಹೀಗೆ ಬರೆಯಬಹುದು:

"ನಮಸ್ಕಾರ ಸರ್. ನಿಮ್ಮ 6-1-2026ರ ಬಿಲ್ ನಂ. 1187ರಲ್ಲಿ ಬಂದ 40 ನಲ್ಲಿಗಳಲ್ಲಿ 12 ಸ್ಪಿಂಡಲ್ ಹತ್ತಿರ ಸೋರುತ್ತಿದ್ದವು. 14ನೇ ತಾರೀಖು ಫೋಟೋ ಸಮೇತ ತಿಳಿಸಿದ್ದೆವು. ಆ 12 ನಲ್ಲಿಗಳನ್ನು 19-1-2026ರಂದು ಚಲನ್ ನಂ. 14ರ ಜೊತೆ ವಾಪಸ್ ಕಳಿಸಿದ್ದೇವೆ. 21ರಂದು ನಿಮ್ಮ ಗೋಡೌನಿನವರು ಸಹಿ ಹಾಕಿ ಇಳಿಸಿಕೊಂಡಿದ್ದಾರೆ. ಲಾರಿ ರಸೀದಿ, ಸಹಿ ಇರುವ ಚಲನ್ ಎರಡೂ ಜೊತೆಗಿವೆ.

ಶೇ. 5 ರಿಯಾಯಿತಿ ಕಳೆದು ಮಾಲಿನ ಬೆಲೆ ₹5,130, ಜಿಎಸ್‌ಟಿ ₹923.40, ಒಟ್ಟು ₹6,053.40. ದಯವಿಟ್ಟು ಬಿಲ್ ನಂ. 1187ರ ಉಲ್ಲೇಖ ಹಾಕಿ ಜಿಎಸ್‌ಟಿ ಸಹಿತ ಕ್ರೆಡಿಟ್ ನೋಟ್ ಕೊಡಿ. ಜನವರಿಯ ಜಿಎಸ್‌ಟಿಆರ್-1ರಲ್ಲಿ ತೋರಿಸಿ. ನಾವು ತೆಗೆದುಕೊಂಡಿದ್ದ ₹923.40 ಐಟಿಸಿಯನ್ನು ಅದೇ ಲೆಕ್ಕದಲ್ಲಿ ಕಡಿಮೆ ಮಾಡಿಕೊಳ್ಳುತ್ತೇವೆ. ಈ ಮೊತ್ತವನ್ನು ನಿಮ್ಮ ಮುಂದಿನ ಬಿಲ್ಲಿನ ಬಾಕಿಗೆ ಹೊಂದಿಸಿಕೊಳ್ಳಲು ನಿಮ್ಮ ಒಪ್ಪಿಗೆ ತಿಳಿಸಿ."

ಐಟಿಸಿಯ ಆ ಒಂದು ಸಾಲನ್ನು ಬಿಡಬೇಡಿ. ಐಟಿಸಿ ಅಂದರೆ ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ. ಮಾಲು ಕೊಂಡವರು ಐಟಿಸಿ ವಾಪಸ್ ಮಾಡದಿದ್ದರೆ ಸಪ್ಲೈಯರ್ ತಮ್ಮ ತೆರಿಗೆ ಇಳಿಸಿಕೊಳ್ಳುವಂತಿಲ್ಲ. ಅವರ ಅಕೌಂಟ್ಸ್‌ನವರು ತಡ ಮಾಡುವುದು ಎಷ್ಟೋ ಸಲ ಈ ಭಯಕ್ಕೇ. ನಾವೇ ಮೊದಲು ಹೇಳಿಬಿಟ್ಟರೆ ಅವರಿಗೆ ಧೈರ್ಯ ಬರುತ್ತದೆ.

ಗಡುವೂ ಒಂದಿದೆ. ಮಾಲು ಮಾರಿದ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ಸಪ್ಲೈಯರ್ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಷ್ಟರೊಳಗೆ ನೋಟ್ ಅವರ ರಿಟರ್ನಿನಲ್ಲಿ ಬರಬೇಕು. ನಮ್ಮ 1187ಕ್ಕೆ ಅದು ಹೆಚ್ಚೆಂದರೆ 30-11-2026. ಗಡುವು ದಾಟಿದರೆ ಅವರು ತೆರಿಗೆ ಇಳಿಸಿಕೊಳ್ಳಲಾಗದು, ಹಾಗಾಗಿ ತೆರಿಗೆಯ ಭಾಗ ಬಿಟ್ಟು ಕೊಡುತ್ತೇವೆ ಅನ್ನುತ್ತಾರೆ. ಅಲ್ಲಿಯವರೆಗೆ ಬಿಡಲೇಬಾರದು.

ನೋಟ್ ಬಂದಾಗ ಏನು ನೋಡಬೇಕು

ಮೊದಲು ಮೇಲೆ "ಕ್ರೆಡಿಟ್ ನೋಟ್" ಅಂತ ಇದೆಯಾ ನೋಡಿ. ಆಮೇಲೆ ನೋಟಿನ ಸ್ವಂತ ನಂಬರ್ ಮತ್ತು ತಾರೀಖು, ಇಬ್ಬರ ಜಿಎಸ್‌ಟಿ ನಂಬರ್, ಹಳೆಯ ಬಿಲ್ 1187ರ ನಂಬರ್ ಮತ್ತು ತಾರೀಖು, ಮಾಲಿನ ಬೆಲೆ, ತೆರಿಗೆಯ ದರ ಮತ್ತು ಮೊತ್ತ, ಸಹಿ. ನಮ್ಮ ಜಿಎಸ್‌ಟಿ ನಂಬರಿನ ಪ್ರತಿ ಅಕ್ಷರ ಓದಿ. ಒಂದು ಅಂಕಿ ತಪ್ಪಿದರೂ ನೋಟ್ ಇನ್ಯಾರದೋ ಲೆಕ್ಕಕ್ಕೆ ಹೋಗಿರುತ್ತದೆ. ಸಪ್ಲೈಯರ್ ವಹಿವಾಟು 5 ಕೋಟಿ ದಾಟಿದ್ದರೆ ಬಿಲ್ಲಿನ ಹಾಗೆ ಕ್ರೆಡಿಟ್ ನೋಟಿಗೂ ಇ-ಇನ್‌ವಾಯ್ಸ್ ನಿಯಮ ಅನ್ವಯಿಸುತ್ತದೆ. ಅಂದರೆ ಕ್ಯೂಆರ್ ಕೋಡ್ ಇರಬೇಕು.

ಕೆಲವರು ತೆರಿಗೆ ಇಲ್ಲದೆ ₹5,130ಕ್ಕೆ ಮಾತ್ರ ನೋಟ್ ಕಳಿಸುತ್ತಾರೆ. ಮಾರಾಟದ ನಂತರದ ರಿಯಾಯಿತಿಗೆ ಅಂಥ ನೋಟ್ ಚಾಲ್ತಿಯಲ್ಲಿದೆ. ಆದರೆ ಇಲ್ಲಿ ಮಾಲೇ ವಾಪಸ್ ಹೋಗಿದೆ. ಮಾಲು ನಮ್ಮ ಹತ್ತಿರ ಇಲ್ಲದೆ ಅದರ ಐಟಿಸಿ ನಮ್ಮ ಹತ್ತಿರ ಉಳಿಯುವುದು ಸರಿಯಲ್ಲ. ತೆರಿಗೆ ಸಹಿತ ನೋಟನ್ನೇ ಕೇಳಿ.

ಪೋರ್ಟಲ್ಲಿನಲ್ಲಿ

ಡಿಸ್ಟ್ರಿಬ್ಯೂಟರ್ ಜನವರಿ 28ಕ್ಕೆ ಸಿಎನ್-087 ಕೊಟ್ಟಿದ್ದಾರೆ ಅಂದುಕೊಳ್ಳಿ. ತಿಂಗಳ ರಿಟರ್ನ್ ಹಾಕುವವರಾದರೆ ಫೆಬ್ರವರಿ 11ರೊಳಗೆ ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ತೋರಿಸುತ್ತಾರೆ. 14ಕ್ಕೆ ಅದು ನಮ್ಮ ಐಟಿಸಿಯ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಬರುತ್ತದೆ. ಅದಕ್ಕೂ ಮೊದಲೇ, ಸಪ್ಲೈಯರ್ ಹಾಕಿದ ಬಿಲ್ಲು, ನೋಟುಗಳನ್ನು ನಾವು ನೋಡಿ ಒಪ್ಪುವ ಐಎಂಎಸ್ ಪರದೆಯಲ್ಲಿ ಕಾಣುತ್ತದೆ. 2024ರ ಅಕ್ಟೋಬರ್‌ನಿಂದ ಇರುವ ಈ ವ್ಯವಸ್ಥೆಯಲ್ಲಿ ನಾವು `Accept`, `Reject` ಅಥವಾ `Pending` ಒತ್ತಬಹುದು. ಏನೂ ಒತ್ತದಿದ್ದರೆ ಒಪ್ಪಿಕೊಂಡಂತೆ ಆಗುತ್ತದೆ. ಕ್ರೆಡಿಟ್ ನೋಟನ್ನು `Pending` ಇಡಲು ಮೊದಲು ಅವಕಾಶ ಇರಲಿಲ್ಲ. 2025ರ ಅಕ್ಟೋಬರ್‌ನಿಂದ ಒಂದು ರಿಟರ್ನ್ ಅವಧಿಯ ಮಟ್ಟಿಗೆ ಇಡಬಹುದು.

ಮೊತ್ತ ಸರಿ ಇದ್ದರೆ `Accept` ಒತ್ತಿ. ನಮ್ಮ ಐಟಿಸಿಯಲ್ಲಿ ₹923.40 ತಾನಾಗಿ ಕಡಿಮೆ ಆಗುತ್ತದೆ. ಸುಮ್ನೆ ಅನುಮಾನಕ್ಕೆ `Reject` ಒತ್ತಬೇಡಿ. ಅದರಿಂದ ಸಪ್ಲೈಯರ್ ತೆರಿಗೆಯ ಹೊಣೆ ಮತ್ತೆ ಏರುತ್ತದೆ, ಅವರು ಸಿಟ್ಟಿನಲ್ಲಿ ಫೋನ್ ಮಾಡುತ್ತಾರೆ. ಮೊತ್ತದಲ್ಲಿ ವ್ಯತ್ಯಾಸ ಇದ್ದರೆ ಮೊದಲು ಮಾತಾಡಿ. ನಮ್ಮ ಡೆಬಿಟ್ ನೋಟ್ ಹಾಕಿದ ತಿಂಗಳಲ್ಲೇ ನಾವು ಐಟಿಸಿ ಕಡಿಮೆ ಮಾಡಿಕೊಂಡಿದ್ದರೆ, ಈಗ ಮತ್ತೆ ಕಡಿತ ಆಗದಂತೆ ನೋಡಿಕೊಳ್ಳಬೇಕು. ವಾಪಸ್ ಮಾಡಬೇಕಾದ ಐಟಿಸಿ ಎಷ್ಟು ಅಂತ ನಮೂದಿಸುವ ಅವಕಾಶ ಅದೇ ಪರದೆಯಲ್ಲಿ ಇದೆ.

ಬಾಕಿ ಬಿಲ್ಲಿಗೆ ಹೊಂದಿಸುವುದು

ಈಗ ದುಡ್ಡಿನ ಲೆಕ್ಕ. ಟ್ಯಾಲಿಯಲ್ಲಿ `Debit Note` ವೋಚರ್ ತೆರೆಯಿರಿ. ಸಪ್ಲೈಯರ್ ಖಾತೆಗೆ ₹6,053.40 ಡೆಬಿಟ್. ಪರ್ಚೇಸ್ ರಿಟರ್ನ್‌ಗೆ ₹5,130 ಕ್ರೆಡಿಟ್. ಇನ್‌ಪುಟ್ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಗೆ ತಲಾ ₹461.70 ಕ್ರೆಡಿಟ್. ಮೂಲ ಬಿಲ್ ಕೇಳುವ ಜಾಗದಲ್ಲಿ 1187 ಹಾಕಿ. ಸಪ್ಲೈಯರ್ ನೋಟಿನ ನಂಬರ್ ಕೇಳುವ ಜಾಗದಲ್ಲಿ ಸಿಎನ್-087 ಹಾಕಿ.

ಆಮೇಲೆ ಬಿಲ್‌ವಾರು ವಿವರದ ಪರದೆ ಬರುತ್ತದೆ. ಇಲ್ಲಿ ಕೈ ತಾನಾಗಿ 1187 ಹುಡುಕುತ್ತದೆ. ಆದರೆ 1187 ಪೂರ್ತಿ ಸಂದಾಯ ಆಗಿದೆ, ಬಾಕಿ ಪಟ್ಟಿಯಲ್ಲಿ ಇರುವುದಿಲ್ಲ. ಇಲ್ಲಿ `Agst Ref` ಆರಿಸಿ 1342ಕ್ಕೆ ಹೊಂದಿಸಬೇಕು. ಮೇಲೆ ಹೇಳಿದ ಎರಡು ಸಂಬಂಧ ಒಂದೇ ವೋಚರ್‌ನಲ್ಲಿ ಎರಡು ಬೇರೆ ಜಾಗದಲ್ಲಿ ಕೂರುವುದು ಹೀಗೆ. ತೆರಿಗೆಯ ಜಾಗದಲ್ಲಿ 1187, ಬಾಕಿಯ ಜಾಗದಲ್ಲಿ 1342.

ನೋಟ್ ನಮೂದಿಸುವ ದಿನ ಹೊಸ ಬಿಲ್ ಇನ್ನೂ ಬಂದಿರದಿದ್ದರೆ `New Ref` ಆರಿಸಿ ಅದಕ್ಕೆ ಸಿಎನ್-087 ಅಂತಲೇ ಹೆಸರು ಕೊಡಿ. ದುಡ್ಡು ಕೊಡುವ ವೋಚರ್‌ನಲ್ಲಿ 1342 ಮತ್ತು ಸಿಎನ್-087 ಎರಡನ್ನೂ ಎತ್ತಿಕೊಳ್ಳಿ. ಯಾವ ಬಿಲ್ಲಿಗೂ ಸೇರಿಸದೆ ಬಿಡುವ `On Account` ಮಾತ್ರ ಬೇಡ. ಖಾತೆಯ ಒಟ್ಟು ಬಾಕಿ ಸರಿ ತೋರಿಸುತ್ತದೆ, ಆದರೆ 1342 ಪೂರ್ತಿ ಬಾಕಿ ಅಂತಲೇ ಪಟ್ಟಿಯಲ್ಲಿ ಉಳಿಯುತ್ತದೆ. ಬಾಕಿ ಪಟ್ಟಿ ನೋಡಿ ದುಡ್ಡು ಹಾಕುವ ಹುಡುಗ ಪೂರ್ತಿ ₹38,940 ಕಳಿಸಿಬಿಡುತ್ತಾನೆ.

ಹೊಂದಿಸಿದ ಮೇಲೆ 1342ರ ಬಾಕಿ ₹32,886.60. ಅಷ್ಟನ್ನೇ ಬ್ಯಾಂಕ್ ಮೂಲಕ ಕಳಿಸಿ. ಕಳಿಸಿದ ದಿನವೇ ಅಕೌಂಟ್ಸ್‌ನವರಿಗೆ ಒಂದು ಮೆಸೇಜ್ ಹಾಕಿ: "ಬಿಲ್ 1342ರ ₹38,940ರಲ್ಲಿ ಸಿಎನ್-087ರ ₹6,053.40 ಕಳೆದು ₹32,886.60 ಕಳಿಸಿದ್ದೇವೆ. 1342 ಪೂರ್ತಿ ಚುಕ್ತಾ ಮಾಡಿ." ಈ ಮೆಸೇಜ್ ಹೋಗದಿದ್ದರೆ ಅವರು ನಮ್ಮ ದುಡ್ಡನ್ನು ತಮಗೆ ತೋಚಿದ ಬಿಲ್ಲಿಗೆ ಹಾಕಿಕೊಳ್ಳುತ್ತಾರೆ.

ನೋಟ್ ಬರದಿದ್ದರೆ?

1342ರ ದುಡ್ಡು ಕೊಡುವ ದಿನ ಬಂತು, ನೋಟ್ ಬಂದಿಲ್ಲ. ತಾವೇ ಕಡಿತ ಮಾಡಿ ಸುಮ್ಮನಾಗುವುದು ಸುಲಭ. ಆದರೆ ಅವರ ಪುಸ್ತಕದಲ್ಲಿ 1342ರ ₹6,053.40 ಬಾಕಿ ನಿಲ್ಲುತ್ತದೆ. ಹಳೇ ಬಾಕಿ ಅಂತ ಬಡ್ಡಿ ಹಾಕಬಹುದು, ಮಾಲು ತಡೆಯಬಹುದು. ಜಿಎಸ್‌ಟಿಯಲ್ಲೂ ಪೆಟ್ಟಿದೆ. ಬಿಲ್ ತಾರೀಖಿನಿಂದ 180 ದಿನದೊಳಗೆ ದುಡ್ಡು ಕೊಡದ ಭಾಗಕ್ಕೆ ಐಟಿಸಿ ವಾಪಸ್ ಮಾಡಬೇಕು, ಬಡ್ಡಿ ಸಮೇತ. ನೋಟ್ ಇಲ್ಲದ ಕಡಿತವನ್ನು ಕೊಡದ ದುಡ್ಡು ಅಂತಲೇ ನೋಡುವ ಸಾಧ್ಯತೆ ಇದೆ.

ನನ್ನ ಮಟ್ಟಿಗೆ ಸರಿಯಾದ ದಾರಿ ಹೀಗೆ. ದುಡ್ಡು ಕೊಡುವ ದಿನಕ್ಕೆ ಒಂದು ವಾರ ಮೊದಲೇ ಪತ್ರ ನೆನಪಿಸಿ. ಆಗಲೂ ಬರದಿದ್ದರೆ ₹32,886.60 ಹೊತ್ತಿಗೆ ಸರಿಯಾಗಿ ಕಳಿಸಿ. "ಉಳಿದ ₹6,053.40 ತಡೆಹಿಡಿದಿದ್ದೇವೆ, ಕ್ರೆಡಿಟ್ ನೋಟ್ ಬಂದ ದಿನ ಹೊಂದಿಸುತ್ತೇವೆ" ಅಂತ ಬರೆದು ತಿಳಿಸಿ. ನಮ್ಮ ಪುಸ್ತಕದಲ್ಲೂ ಅಷ್ಟು ಬಾಕಿ ಹಾಗೇ ಇರಲಿ. ತಗಾದೆ ಇಲ್ಲದ ದುಡ್ಡನ್ನು ತಡೆಯದಿದ್ದರೆ ಮಾತಿಗೆ ತೂಕ ಇರುತ್ತದೆ.

ಒಂದಕ್ಕೆ ಮಾತ್ರ ಒಪ್ಪಬೇಡಿ. "ಮುಂದಿನ ಬಿಲ್ಲಲ್ಲಿ ರೇಟ್ ಕಮ್ಮಿ ಹಾಕಿ ಸರಿ ಮಾಡ್ತೀವಿ" ಅನ್ನುತ್ತಾರೆ. ಆಗ ಹೊಸ ಮಾಲಿನ ಬೆಲೆ ಬಿಲ್ಲಿನಲ್ಲಿ ಸುಳ್ಳಾಗುತ್ತದೆ. ವಾಪಸ್ ಹೋದ 12 ನಲ್ಲಿಗಳು ನಮ್ಮ ಸ್ಟಾಕಿನ ಲೆಕ್ಕದಿಂದ ಇಳಿಯಲು ಕಾಗದ ಇರುವುದಿಲ್ಲ. ಅವುಗಳ ಐಟಿಸಿಯೂ ನಮ್ಮ ಹೆಸರಲ್ಲೇ ಉಳಿದಿರುತ್ತದೆ.

ನೋಟ್ ಬಂದು, ದುಡ್ಡು ಹೋಗಿ, ಆ ತಿಂಗಳು ಮುಗಿದ ಮೇಲೆ ಸಪ್ಲೈಯರ್‌ನಿಂದ ಲೆಡ್ಜರ್ ಪ್ರತಿ ತರಿಸಿ. ಅದರಲ್ಲಿ ಎರಡು ಸಾಲು ಹುಡುಕಿ. ಸಿಎನ್-087 ನಮ್ಮ ಖಾತೆಗೆ ಜಮಾ ಆಗಿದೆಯಾ? 1342ರ ಎದುರು ಬಾಕಿ ಸೊನ್ನೆ ಇದೆಯಾ? ನೋಟ್ ಜಮಾ ಆಗಿ, 1342ರಲ್ಲಿ ಮಾತ್ರ ₹6,053.40 ಬಾಕಿ ಕಾಣುತ್ತಿದ್ದರೆ ಅವರ ಕಡೆ ನೋಟ್ `On Account` ಆಗಿದೆ ಅಂತ ಅರ್ಥ. ದುಡ್ಡು ಕಳಿಸಿದ ದಿನದ ಮೆಸೇಜನ್ನೇ ಮತ್ತೆ ಅವರಿಗೆ ಕಳಿಸಿ, ಸರಿ ಮಾಡಿಸಿ. ಮಾರ್ಚ್ 31ರ ವರ್ಷದ ಲೆಕ್ಕ ಮುಚ್ಚುವ ಮುಂಚೆ ಇದು ಆಗಬೇಕು.